ಇನ್ವರ್ಟರ್ ಮೇಲೆ ವಾಷಿಂಗ್ ಮಷೀನ್

ಸಾಗರದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟ್ ಹೋಗುವುದಕ್ಕೆ ಹೊತ್ತು ಗೊತ್ತಿಲ್ಲ. ಎಲ್ಲೋ ತಂತಿಯ ಮೇಲೆ ಮರ ಬಿದ್ದರೆ ಸಾಕು, ಅರ್ಧ ತೊಳೆದ ಬಟ್ಟೆ ಸೋಪಿನ ನೀರಿನಲ್ಲೇ ಸಂಜೆಯವರೆಗೆ ಕೂತು ಮುಗ್ಗಲು ಹಿಡಿಯುತ್ತದೆ. ಹೋದ ಮಳೆಗಾಲದಲ್ಲಿ ಮಷೀನನ್ನು ಇನ್ವರ್ಟರ್‌ಗೆ ಸೇರಿಸಲು ಎಲೆಕ್ಟ್ರಿಷಿಯನ್ನರನ್ನು ಕರೆಸಿದೆವು.

ಅತ್ತೆಯವರಿಗೆ ಬ್ಯಾಟರಿಯದೇ ಚಿಂತೆ. "ಬಟ್ಟೆಗೇ ಎಲ್ಲ ಖರ್ಚಾದರೆ ರಾತ್ರಿ ದೀಪಕ್ಕೆ ಏನು ಗತಿ?" ಎಂದರು. ನಮ್ಮದು 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 1800 ವಾಟ್-ಅವರ್. ಅದರಲ್ಲಿ ಅರ್ಧವನ್ನಷ್ಟೇ ನಂಬಬಹುದು ಎಂದಿಟ್ಟುಕೊಳ್ಳಿ. ತಣ್ಣೀರಿನಲ್ಲಿ ಒಂದು ಸಲ ಒಗೆಯಲು ನಮ್ಮ ಟಾಪ್ ಲೋಡ್ ಮಷೀನ್‌ಗೆ ಸುಮಾರು 200 ವಾಟ್-ಅವರ್ ಸಾಕು. ರಾತ್ರಿಯ ದೀಪಕ್ಕೆ ಧಾರಾಳವಾಗಿ ಉಳಿಯುತ್ತದೆ.

ತೊಡಕಿದ್ದದ್ದು ಬೇರೆ ಕಡೆ. ಎಲೆಕ್ಟ್ರಿಷಿಯನ್ ಮಷೀನಿನ ವೈರಿಗೆ ಕ್ಲ್ಯಾಂಪ್ ಮೀಟರ್ ಕಚ್ಚಿಸಿ, "ಅಕ್ಕ, ಇದನ್ನು ನೋಡಿ" ಎಂದರು. ಮೋಟರ್ ತಿರುಗುತ್ತಿರುವಾಗ ಎರಡು ಆಂಪಿಯರ್‌ಗಿಂತ ಕಡಿಮೆ. ಆದರೆ ಹೊರಡುವ ಕ್ಷಣದಲ್ಲಿ ಆರನ್ನು ದಾಟಿ ಇಳಿಯಿತು. 230 ವೋಲ್ಟ್‌ನಲ್ಲಿ ಆರು ಆಂಪಿಯರ್ ಎಂದರೆ 1380 ವಿಎ. ನಮ್ಮ ಇನ್ವರ್ಟರ್ 900 ವಿಎಯದು. ಕಣ್ಣು ಮಿಟುಕಿಸುವಷ್ಟು ಹೊತ್ತಾದ್ದರಿಂದ ಅದು ತಾಳಿಕೊಳ್ಳುತ್ತದೆ. ಒಗೆಯುವಾಗ ಮೋಟರ್ ಎಡಕ್ಕೂ ಬಲಕ್ಕೂ ತಿರುಗುವುದರಿಂದ ಈ ಎಳೆತ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ನಡುಮನೆಯ ಬಲ್ಬು ಒಮ್ಮೆ ಮಂಕಾಗಿ ಚೇತರಿಸಿಕೊಳ್ಳುತ್ತಿತ್ತು.

ಹಿಂಡುವ ಸರದಿ ಬಂದಾಗ ಕಥೆ ಬದಲಾಯಿತು. ನೀರು ಕುಡಿದ ಬೆಡ್‌ಶೀಟುಗಳಿಂದ ತುಂಬಿದ ಟಬ್ ಸುಲಭಕ್ಕೆ ವೇಗ ಹಿಡಿಯಲಿಲ್ಲ, ಎಳೆತ ಕ್ಷಣದಲ್ಲಿ ಇಳಿಯಲಿಲ್ಲ. ಓವರ್‌ಲೋಡ್ ದೀಪ ಕೆಂಪಾಗಿ, ಬೀಪ್ ಕೂಗಿ, ಇನ್ವರ್ಟರ್ ಬಂದ್. ಅರ್ಧ ಬಟ್ಟೆ ತೆಗೆದು, ಫ್ಯಾನುಗಳನ್ನು ಆರಿಸಿ, ಮತ್ತೆ ಹಚ್ಚಿದರೆ ತಕರಾರಿಲ್ಲದೆ ತಿರುಗಿತು.

ಹಳೆಯ ಮನೆಗಳಲ್ಲಿ ಇನ್ವರ್ಟರ್ ಲೈನನ್ನು ದೀಪ, ಫ್ಯಾನಿಗೆಂದೇ ತೆಳು ವೈರಿನಲ್ಲಿ ಎಳೆದಿರುತ್ತಾರೆ. ಅದಕ್ಕೇ ಎಲೆಕ್ಟ್ರಿಷಿಯನ್ ಮಷೀನಿಗೆ 2.5 ಚದರ ಮಿಲಿಮೀಟರಿನ ಬೇರೆ ವೈರ್ ಎಳೆದು, ಅರ್ತಿಂಗ್ ಇರುವ 16 ಆಂಪಿಯರ್ ಸಾಕೆಟ್ ಕೂರಿಸಿದರು. ನಮ್ಮದು ಸೈನ್ ವೇವ್ ಇನ್ವರ್ಟರ್ ಎಂದು ಮೊದಲೇ ಖಚಿತಪಡಿಸಿಕೊಂಡಿದ್ದರು. ಸ್ಕ್ವೇರ್ ವೇವ್ ಆಗಿದ್ದರೆ ಮೋಟರ್ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಅದಕ್ಕೆ ತಾನು ಕೈ ಹಚ್ಚುವುದಿಲ್ಲ ಎಂದರು. ಆ ಕಟ್ಟುನಿಟ್ಟು ನನಗೆ ಹಿಡಿಸಿತು.

ಬೆಂಗಳೂರಿನ ನಾದಿನಿ ಇದನ್ನು ಕೇಳಿ ತಾನೂ ಹಾಗೆ ಮಾಡಿಸುವೆ ಎಂದಳು. ಅವಳದು ಫ್ರಂಟ್ ಲೋಡ್, ಒಳಗೆ ನೀರು ಕಾಯಿಸುವ 2000 ವಾಟ್ ಹೀಟರ್ ಇದೆ. ಅದು ಮೋಟರಿನಂತೆ ಕ್ಷಣಕ್ಕೆ ಎಳೆದು ಬಿಡುವುದಿಲ್ಲ, ನೀರು ಕಾಯುವವರೆಗೂ ಎಳೆಯುತ್ತದೆ. ಮನೆಯ ಸಾಧಾರಣ ಇನ್ವರ್ಟರ್ ಅದನ್ನು ಹೊರುವುದಿಲ್ಲ. ಎಷ್ಟೋ ಪ್ರೋಗ್ರಾಮುಗಳು ನಾವು ಕೇಳದಿದ್ದರೂ 40 ಡಿಗ್ರಿಗೆ ಕಾಯಿಸುತ್ತವೆ. ಕರೆಂಟ್ ಇರುವಾಗ ಬಿಸಿನೀರಿಗಿಟ್ಟ ಮಷೀನ್ ನಡುವೆ ಇನ್ವರ್ಟರ್‌ಗೆ ಬಂದರೂ ಅದೇ ಪಾಡು. ಇನ್ವರ್ಟರ್‌ಗೆ ಸೇರಿಸುವುದಾದರೆ ಮಳೆಗಾಲವಿಡೀ ಕೋಲ್ಡ್‌ನಲ್ಲೇ ಇಡು ಎಂದೆ. ಮಗುವಿನ ಬಟ್ಟೆಗೆ ಬಿಸಿನೀರೇ ಬೇಕು ಎಂದು ಅವಳು ಆ ಯೋಚನೆಯನ್ನೇ ಬಿಟ್ಟಳು.