ಹೊದಿಕೆ ಕಳಚಿದ ಮೊಟ್ಟೆ ಯಾವ ಹುಳುವಿನದು?

ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಸುತ್ತಲೂ ಕಾಫಿ ತೋಟಗಳು. ಬರಿಗಾಲಲ್ಲಿ ತೋಟಕ್ಕೆ ಇಳಿಯುವವರು ಈಗಲೂ ಇದ್ದಾರೆ. ಹಾಗಾಗಿ ಸ್ಟೂಲ್ ಸ್ಯಾಂಪಲ್‌ನಲ್ಲಿ ಕೊಕ್ಕೆಹುಳು, ದುಂಡುಹುಳು, ಚಾಟಿಹುಳು ಮೂರರ ಮೊಟ್ಟೆಗಳನ್ನೂ ನೋಡುತ್ತಿರುತ್ತೇವೆ. ಲ್ಯಾಬ್‌ನಲ್ಲಿ ನಾವು ಇವನ್ನು ಹುಕ್‌ವರ್ಮ್, ಆಸ್ಕರಿಸ್, ಟ್ರೈಕುರಿಸ್ ಅಂತಲೇ ಕರೆಯುವುದು.

ಪುಸ್ತಕದ ಚಿತ್ರದಲ್ಲಿ ಈ ಮೂರನ್ನು ಗುರುತಿಸುವುದು ಸುಲಭ. ಆಸ್ಕರಿಸ್ ಮೊಟ್ಟೆ ಕಂದು ಬಣ್ಣದ್ದು, ಮೈತುಂಬ ಉಬ್ಬುತಗ್ಗು. ಟ್ರೈಕುರಿಸ್ ಮೊಟ್ಟೆಗೆ ಮೃದಂಗದ ಆಕಾರ, ಎರಡೂ ತುದಿಗೆ ಬಣ್ಣವಿಲ್ಲದ ಬಿರಡೆ. ಹುಕ್‌ವರ್ಮ್ ಮೊಟ್ಟೆಗೆ ಬಣ್ಣವೇ ಇಲ್ಲ, ಸಿಪ್ಪೆ ತೆಳ್ಳಗೆ. ತೊಂದರೆ ಬರುವುದು ಆಸ್ಕರಿಸ್ ಮೊಟ್ಟೆ ತನ್ನ ಉಬ್ಬುತಗ್ಗಿನ ಹೊರ ಹೊದಿಕೆ ಕಳೆದುಕೊಂಡಾಗ. ಆಗ ಅದು ನುಣ್ಣಗೆ, ಅಂಡಾಕಾರವಾಗಿ, ಹೆಚ್ಚುಕಡಿಮೆ ಬಣ್ಣವಿಲ್ಲದೆ ಕಾಣುತ್ತದೆ. ಹೊಸಬರು ಅದನ್ನು ಹುಕ್‌ವರ್ಮ್ ಎಂದು ಬರೆದುಬಿಡುತ್ತಾರೆ. ನಾನು ಹೇಳಬೇಕೆಂದಿರುವುದು ಈ ಒಂದು ಗೊಂದಲದ ಬಗ್ಗೆ.

ಒಮ್ಮೆ ತೋಟದ ಕೆಲಸದ ಹೆಂಗಸೊಬ್ಬರ ಸ್ಯಾಂಪಲ್ ಬಂದಿತ್ತು. ಹಿಮೋಗ್ಲೋಬಿನ್ 6.8. ಚೀಟಿಯಲ್ಲಿ 'ರಕ್ತಹೀನತೆ, ಹುಳುವಿನ ಮೊಟ್ಟೆಗಾಗಿ ನೋಡಿ' ಎಂದಿತ್ತು. ತರಬೇತಿಗೆ ಬಂದಿದ್ದ ಹುಡುಗಿ ಸ್ಲೈಡ್ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು.

"ಮೇಡಂ, ಇದು ಹುಕ್‌ವರ್ಮೇ ಅಲ್ವಾ? ಸಿಪ್ಪೆ ನುಣ್ಣಗಿದೆ, ಬಣ್ಣನೂ ಇಲ್ಲ. ಪೇಶೆಂಟ್‌ಗೆ ರಕ್ತವೂ ಕಡಿಮೆ."

ಅವಳ ಮಾತಿನ ಕೊನೆಯ ಭಾಗ ನನಗೆ ಇಷ್ಟವಾಗಲಿಲ್ಲ. ಚೀಟಿ ಓದಿ ಮೊಟ್ಟೆಗೆ ಹೆಸರಿಡಬಾರದು. ಹುಕ್‌ವರ್ಮ್ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ, ರಕ್ತಹೀನತೆ ತರುತ್ತದೆ, ಅದು ನಿಜ. ಆದರೆ ಎದುರಿಗಿರುವ ಮೊಟ್ಟೆ ಯಾವುದು ಎಂಬುದನ್ನು ಹೇಳಬೇಕಾದದ್ದು ಆ ಮೊಟ್ಟೆಯೇ.

ನಾನು ಮೊದಲು ಬೆಳಕು ಸರಿಮಾಡಿದೆ. ಕಂಡೆನ್ಸರ್ ಸ್ವಲ್ಪ ಕೆಳಗಿಳಿಸಿ, ಐರಿಸ್ ಕಿರಿದು ಮಾಡಿದೆ. ಬೆಳಕು ಜಾಸ್ತಿ ಇದ್ದರೆ ತೆಳು ಸಿಪ್ಪೆಯ ಗೆರೆ ಕರಗಿಹೋಗುತ್ತದೆ. ಹುಕ್‌ವರ್ಮ್ ಮೊಟ್ಟೆ ಕಣ್ಣಿಗೆ ಬೀಳದೇ ಹೋಗುವುದಕ್ಕೆ ಇದು ದೊಡ್ಡ ಕಾರಣ. ನಾವು ಒಂದೇ ಸ್ಲೈಡ್‌ನಲ್ಲಿ ಒಂದು ಕಡೆ 0.85 ಶೇಕಡಾ ಸಲೈನ್, ಇನ್ನೊಂದು ಕಡೆ ಅಯೋಡಿನ್ ಹಾಕುತ್ತೇವೆ. ಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಮಲ, ಅಂದರೆ ಸುಮಾರು 2 ಮಿಲಿಗ್ರಾಂ, ಎರಡೂ ಹನಿಗೆ ಕಲಸಿ ಕವರ್‌ಸ್ಲಿಪ್ ಮುಚ್ಚುತ್ತೇವೆ. ಸ್ಲೈಡ್ ಕೆಳಗೆ ಪೇಪರ್ ಇಟ್ಟರೆ ಅಕ್ಷರ ಓದಲು ಬರಬೇಕು, ಅಷ್ಟು ತೆಳ್ಳಗಿರಬೇಕು. ಬಣ್ಣದ ಬಗ್ಗೆ ಏನೇ ಹೇಳುವುದಿದ್ದರೂ ಸಲೈನ್ ಕಡೆ ನೋಡಿಯೇ ಹೇಳಬೇಕು. ಅಯೋಡಿನ್‌ನಲ್ಲಿ ಎಲ್ಲವೂ ಹಳದಿ-ಕಂದು ಆಗುತ್ತದೆ.

ಆಮೇಲೆ ಅಳತೆ. ನಮ್ಮ ಮೈಕ್ರೋಸ್ಕೋಪ್‌ನ ಒಂದು ಐಪೀಸ್‌ನಲ್ಲಿ ಗೆರೆ ಕೊರೆದ ಅಳತೆಪಟ್ಟಿ ಇದೆ. ಆ ಗೆರೆಗಳಿಗೆ ತಮ್ಮದೇ ಆದ ಅಳತೆ ಇಲ್ಲ. ಸ್ಟೇಜ್ ಮೈಕ್ರೋಮೀಟರ್ ಇಟ್ಟು ಪ್ರತಿ ಆಬ್ಜೆಕ್ಟಿವ್‌ಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಿಕೊಳ್ಳಬೇಕು. ಸ್ಟೇಜ್ ಮೈಕ್ರೋಮೀಟರ್‌ನ ಒಂದು ಮನೆ 10 ಮೈಕ್ರಾನ್. ನಮ್ಮ 40ರ ಆಬ್ಜೆಕ್ಟಿವ್‌ನಲ್ಲಿ ಐಪೀಸ್‌ನ 40 ಮನೆಗಳು ಸ್ಟೇಜ್‌ನ 10 ಮನೆಗಳಿಗೆ, ಅಂದರೆ 100 ಮೈಕ್ರಾನ್‌ಗೆ, ಸರಿಯಾಗಿ ಕೂರುತ್ತವೆ. ಹಾಗಾಗಿ ಒಂದು ಮನೆಗೆ 2.5 ಮೈಕ್ರಾನ್. ನಿಮ್ಮ ಮೈಕ್ರೋಸ್ಕೋಪ್‌ನಲ್ಲಿ ಇದು ಬೇರೆಯೇ ಬರಬಹುದು. ಐಪೀಸ್ ಬದಲಾಯಿಸಿದರೆ ಮತ್ತೆ ಲೆಕ್ಕ ಹಾಕಬೇಕು.

ಹುಡುಗಿ ತೋರಿಸಿದ ಮೊಟ್ಟೆ ಉದ್ದಕ್ಕೆ 24 ಮನೆ, ಅಗಲಕ್ಕೆ 18 ಮನೆ ಬಂತು. 60 ಮೈಕ್ರಾನ್ ಉದ್ದ, 45 ಮೈಕ್ರಾನ್ ಅಗಲ. ಹುಕ್‌ವರ್ಮ್ ಸಾಮಾನ್ಯವಾಗಿ 60ರಿಂದ 75 ಉದ್ದ, 35ರಿಂದ 40 ಅಗಲ. ಫಲಿತ ಆಸ್ಕರಿಸ್ 45ರಿಂದ 75 ಉದ್ದ, 35ರಿಂದ 50 ಅಗಲ. ನೋಡಿ, ಉದ್ದದಿಂದ ಇಲ್ಲಿ ಏನೂ ತೀರ್ಮಾನವಾಗುವುದಿಲ್ಲ. 60 ಎಂಬುದು ಎರಡಕ್ಕೂ ಹೊಂದುತ್ತದೆ. ಅಗಲ 45 ಇರುವುದು ಹುಕ್‌ವರ್ಮ್‌ಗೆ ಜಾಸ್ತಿ ಆಯಿತು, ಆದರೆ ಅಷ್ಟರಿಂದಲೇ ಹೆಸರು ಬರೆಯಲು ನನಗೆ ಧೈರ್ಯ ಇಲ್ಲ. ಅಳತೆ ಸುಮ್ನೆ ಅನುಮಾನ ಹುಟ್ಟಿಸುತ್ತದೆ, ಅಷ್ಟೇ. ಅಳತೆ ನಿಜವಾಗಿ ಸಹಾಯಕ್ಕೆ ಬರುವುದು ಟ್ರೈಕುರಿಸ್ ವಿಷಯದಲ್ಲಿ. ಅದು 50ರಿಂದ 55 ಉದ್ದ, ಅಗಲ 20ರಿಂದ 25 ಮಾತ್ರ. ಅಷ್ಟು ಕಿರಿದಾದದ್ದು ಉಳಿದೆರಡರಲ್ಲಿ ಇಲ್ಲ.

ಈಗ ಸಿಪ್ಪೆ. "ಫೈನ್ ಫೋಕಸ್ ನಿಧಾನಕ್ಕೆ ಮೇಲೆ ಕೆಳಗೆ ತಿರುಗಿಸು, ಅಂಚಿನಲ್ಲಿ ಎಷ್ಟು ಗೆರೆ ಕಾಣುತ್ತೆ ಹೇಳು" ಎಂದೆ. ಅವಳು ನೋಡಿ, "ಎರಡು ಗೆರೆ ಮೇಡಂ, ನಡುವೆ ಜಾಗ ಇದೆ" ಎಂದಳು. ಆ ಎರಡು ಗೆರೆ ಸಿಪ್ಪೆಯ ಹೊರ ಅಂಚು ಮತ್ತು ಒಳ ಅಂಚು. ಅಂದರೆ ಸಿಪ್ಪೆ ದಪ್ಪ ಇದೆ. ಆಸ್ಕರಿಸ್ ಮೊಟ್ಟೆಯ ಉಬ್ಬುತಗ್ಗಿನ ಹೊದಿಕೆ ಕಳಚಿದರೂ ಒಳಗಿನ ದಪ್ಪ ಸಿಪ್ಪೆ ಹಾಗೇ ಉಳಿಯುತ್ತದೆ. ಪಿತ್ತದ ಕಂದು ಬಣ್ಣ ಹಿಡಿಯುವುದು ಮುಖ್ಯವಾಗಿ ಆ ಹೊರ ಹೊದಿಕೆ. ಅದು ಹೋದರೆ ಬಣ್ಣವೂ ಅದರ ಜೊತೆ ಹೋಗುತ್ತದೆ. ಅದಕ್ಕೇ ಇಂಥ ಮೊಟ್ಟೆಯಲ್ಲಿ ಬಣ್ಣವನ್ನು ನಂಬಬೇಡಿ. ಹುಕ್‌ವರ್ಮ್ ಸಿಪ್ಪೆ ಎಷ್ಟು ತೆಳು ಎಂದರೆ ಅಂಚಿನಲ್ಲಿ ಒಂದೇ ಸಣ್ಣ ಗೆರೆ ಕಾಣುತ್ತದೆ.

ಆದರೂ ನಾನು ಕೊನೆಯ ಮಾತನ್ನು ಒಳಗಿನ ಅಂಶಕ್ಕೇ ಬಿಡುತ್ತೇನೆ. ಅವಳ ಮೊಟ್ಟೆಯೊಳಗೆ ಒಂದೇ ಒಂದು ಮುದ್ದೆ ಇತ್ತು, ದಪ್ಪ ಕಾಳುಕಾಳಾಗಿ. ಅದು ಎರಡೂ ಪಕ್ಕಕ್ಕೆ ಸಿಪ್ಪೆಗೆ ತಾಗಿಕೊಂಡಿತ್ತು. ಎರಡು ತುದಿಗಳಲ್ಲಿ ಮಾತ್ರ ಅರ್ಧಚಂದ್ರದ ಹಾಗೆ ಖಾಲಿ ಜಾಗ. ಇದು ಫಲಿತ ಆಸ್ಕರಿಸ್‌ನ ಗುರುತು. ಹುಕ್‌ವರ್ಮ್ ಮೊಟ್ಟೆ ಮಲದ ಜೊತೆ ಹೊರಬರುವ ಹೊತ್ತಿಗೇ ಸಾಮಾನ್ಯವಾಗಿ 4ರಿಂದ 8 ಕೋಶಗಳಾಗಿ ಒಡೆದಿರುತ್ತದೆ. ಆ ಕೋಶಗಳ ಸುತ್ತಲೂ, ತುದಿಯಲ್ಲಿ ಮಾತ್ರ ಅಲ್ಲ, ಪೂರ್ತಿ ಸುತ್ತಲೂ ತಿಳಿಯಾದ ಜಾಗ ಇರುತ್ತದೆ. ಕೋಶ ಎಣಿಸಲು ಅಯೋಡಿನ್ ಕಡೆಯ ಹನಿ ಒಳ್ಳೆಯದು. ಎಣಿಸಿದ್ದರ ಮೇಲೆ ಅನುಮಾನ ಇದ್ದರೆ ಕವರ್‌ಸ್ಲಿಪ್ ಅಂಚನ್ನು ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಮೊಟ್ಟೆ ಉರುಳುತ್ತದೆ, ಇನ್ನೊಂದು ಮಗ್ಗುಲು ಕಾಣುತ್ತದೆ. ತುದಿಯ ಮೇಲೆ ನಿಂತ ಟ್ರೈಕುರಿಸ್ ಮೊಟ್ಟೆ ಸುಮ್ಮನೆ ದುಂಡಗೆ ಕಾಣುವುದುಂಟು. ಉರುಳಿಸಿದರೆ ಬಿರಡೆ ಎದ್ದು ಕಾಣುತ್ತದೆ.

ಹಾಗಾಗಿ ಅವಳ ಮೊಟ್ಟೆ ಆಸ್ಕರಿಸ್. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಒಂದು ಮೊಟ್ಟೆ ಸಿಕ್ಕಿತೆಂದು ಸ್ಲೈಡ್ ಎತ್ತಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಹೆಣ್ಣು ಆಸ್ಕರಿಸ್ ಒಂದೇ ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಅದರ ಮೊಟ್ಟೆ ಮೊದಲು ಸಿಗುವುದು ಸಹಜ. ಉಳಿದವು ಅದರ ಗುಂಪಿನಲ್ಲಿ ಮರೆಯಾಗುತ್ತವೆ. 10ರ ಆಬ್ಜೆಕ್ಟಿವ್‌ನಲ್ಲಿ ಕವರ್‌ಸ್ಲಿಪ್ ಪೂರ್ತಿ, ಸಾಲು ಸಾಲಾಗಿ ನೋಡಿಸಿದೆ. ಮೂರನೇ ಸಾಲಿನಲ್ಲಿ ಇನ್ನೊಂದು ಬಣ್ಣವಿಲ್ಲದ ಮೊಟ್ಟೆ ಸಿಕ್ಕಿತು. 26 ಮನೆ ಉದ್ದ, 15 ಮನೆ ಅಗಲ: 65ಕ್ಕೆ 37.5 ಮೈಕ್ರಾನ್. ಅಂಚಿನಲ್ಲಿ ಒಂದೇ ಗೆರೆ, ಒಳಗೆ ಸ್ಪಷ್ಟವಾಗಿ 4 ಕೋಶ. ಇದು ಹುಕ್‌ವರ್ಮ್. ಎರಡನ್ನೂ ಒಂದಾದ ಮೇಲೊಂದು ನೋಡಿದಾಗ ಅವಳಿಗೆ ವ್ಯತ್ಯಾಸ ತಾನೇ ಗೊತ್ತಾಯಿತು. ಇನ್ನೂ ಮುಂದೆ ಹೋದಾಗ ಒಂದು ಟ್ರೈಕುರಿಸ್, 21 ಮನೆ ಉದ್ದ, 9 ಮನೆ ಅಗಲ. ಒಂದೇ ಡಬ್ಬಿಯಲ್ಲಿ ಮೂರೂ ಇದ್ದವು. ಮೊದಲ ಮೊಟ್ಟೆಗೇ ಹುಕ್‌ವರ್ಮ್ ಎಂದು ಬರೆದಿದ್ದರೆ ಅದು ಅದೃಷ್ಟಕ್ಕೆ ಸರಿ ಎನಿಸುತ್ತಿತ್ತು. ಆಸ್ಕರಿಸ್, ಟ್ರೈಕುರಿಸ್ ಎರಡೂ ವರದಿಗೆ ಬರುತ್ತಲೇ ಇರಲಿಲ್ಲ.

ಅವಳು ಕೇಳಿದ ಇನ್ನೊಂದು ಪ್ರಶ್ನೆ ಒಳ್ಳೆಯದಿತ್ತು: ಕೋಶ ಎಷ್ಟು ಎಂದು ಯಾವಾಗಲೂ ನಂಬಬಹುದಾ? ಇಲ್ಲ. ಅದು ಸ್ಯಾಂಪಲ್ ಎಷ್ಟು ಹೊತ್ತಿನದು ಎಂಬುದರ ಮೇಲೆ ಹೋಗುತ್ತದೆ. ನಮ್ಮ ಸೆಕೆಯಲ್ಲಿ ಡಬ್ಬಿ ಹೊರಗೇ ಇದ್ದರೆ ಹುಕ್‌ವರ್ಮ್ ಮೊಟ್ಟೆ ಬೆಳೆಯುತ್ತಲೇ ಇರುತ್ತದೆ. ಕೋಶಗಳು ಹತ್ತಾರು ಆಗುತ್ತವೆ. ಒಂದೆರಡು ದಿನದಲ್ಲಿ ಒಳಗೆ ಮರಿ ಸುತ್ತಿಕೊಂಡು ಕಾಣುತ್ತದೆ, ಒಡೆದು ಹೊರಗೂ ಬರುತ್ತದೆ. ಹಾಗೆ ಬಂದ ಮರಿಯನ್ನು ಸ್ಟ್ರಾಂಗಿಲಾಯ್ಡಿಸ್ ಎಂಬ ಇನ್ನೊಂದು ಕರುಳುಹುಳುವಿನ ಮರಿ ಎಂದು ತಪ್ಪು ತಿಳಿಯುವುದುಂಟು. ಬಾಯಿಯ ಕುಳಿ ಉದ್ದವಾಗಿದ್ದರೆ ಹುಕ್‌ವರ್ಮ್, ಗಿಡ್ಡವಾಗಿದ್ದರೆ ಸ್ಟ್ರಾಂಗಿಲಾಯ್ಡಿಸ್. ಆಸ್ಕರಿಸ್ ಮತ್ತು ಟ್ರೈಕುರಿಸ್ ಮೊಟ್ಟೆಯಲ್ಲಿ ಮರಿ ಆಗಲು ಮಣ್ಣಿನಲ್ಲಿ ವಾರಗಳೇ ಬೇಕು. ಈ ವ್ಯತ್ಯಾಸ ನಮಗೆ ಉಪಯೋಗಕ್ಕೂ ಬರುತ್ತದೆ. ಮೊಟ್ಟೆ ಯಾವುದೆಂದು ಬಗೆಹರಿಯದಿದ್ದರೆ ಫಾರ್ಮಲಿನ್ ಹಾಕದ ಸ್ವಲ್ಪ ಸ್ಯಾಂಪಲ್ ಎತ್ತಿಟ್ಟು ಮರುದಿನ ಮತ್ತೆ ನೋಡುತ್ತೇನೆ. ಮರಿ ಮೂಡುತ್ತಿದ್ದರೆ ಅದು ಆಸ್ಕರಿಸ್ ಅಲ್ಲ. ಫಾರ್ಮಲಿನ್ ಹಾಕಿದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಈ ದಾರಿ ಇಲ್ಲ.

ಮಲವನ್ನು ಗ್ಲಿಸರಿನ್‌ನಲ್ಲಿ ನೆನೆಸಿದ ಹಾಳೆಯಿಂದ ಮುಚ್ಚಿ ನೋಡುವ ಕೇಟೊ-ಕಾಟ್ಜ್ ವಿಧಾನದಲ್ಲಿ ಹೊತ್ತಿನ ಲೆಕ್ಕ ಇನ್ನೂ ಬಿಗಿ. ಗ್ಲಿಸರಿನ್ ಹುಕ್‌ವರ್ಮ್‌ನ ತೆಳು ಸಿಪ್ಪೆಯನ್ನು ತಿಳಿಯಾಗಿಸುತ್ತಾ ಹೋಗುತ್ತದೆ. ಸ್ಲೈಡ್ ಮಾಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಓದದಿದ್ದರೆ ಹುಕ್‌ವರ್ಮ್ ಮೊಟ್ಟೆ ಕಾಣದಂತಾಗುತ್ತದೆ. ಆಸ್ಕರಿಸ್, ಟ್ರೈಕುರಿಸ್ ಮಾತ್ರ ಉಳಿದು, ಹುಕ್‌ವರ್ಮ್ ಇಲ್ಲ ಎಂಬ ತಪ್ಪು ವರದಿ ಹೋಗುತ್ತದೆ.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಹುಕ್‌ವರ್ಮ್‌ನಲ್ಲೇ ಆಂಕಿಲೊಸ್ಟೊಮಾ, ನೆಕೇಟರ್ ಎಂದು ಎರಡು ಬಗೆ ಇವೆ. ಮೊಟ್ಟೆ ನೋಡಿ ಅವನ್ನು ಬೇರೆ ಮಾಡಲು ಆಗುವುದಿಲ್ಲ. ಹಾಗಾಗಿ ವರದಿಯಲ್ಲಿ 'ಹುಕ್‌ವರ್ಮ್ ಮೊಟ್ಟೆ' ಎಂದಷ್ಟೇ ಬರೆಯುತ್ತೇವೆ.

ಅಂದು ಮೂರರ ಹೆಸರನ್ನೂ ಬೇರೆ ಬೇರೆ ಬರೆದೆವು, ಆಸ್ಕರಿಸ್ ಮುಂದೆ 'ಹೊರ ಹೊದಿಕೆ ಇಲ್ಲದ ಫಲಿತ ಮೊಟ್ಟೆ' ಎಂದೂ ಸೇರಿಸಿದೆವು. ಮಾತ್ರೆ ಹೇಗೂ ಒಂದೇ, ಅಲ್ಬೆಂಡಜೋಲ್, ಹೆಸರು ಯಾವುದಾದರೇನು ಎಂದು ಕೆಲವರು ಕೇಳುತ್ತಾರೆ. ಆದರೆ 400 ಮಿಲಿಗ್ರಾಂನ ಒಂದೇ ಮಾತ್ರೆಗೆ ಆಸ್ಕರಿಸ್ ಚೆನ್ನಾಗಿ ಹೋಗುತ್ತದೆ, ಟ್ರೈಕುರಿಸ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ವೈದ್ಯರು ನಮ್ಮ ವರದಿ ನೋಡಿ ಒಂದರ ಬದಲು ಮೂರು ದಿನ ಮಾತ್ರೆ ಬರೆದರು, ಜೊತೆಗೆ ಕಬ್ಬಿಣದ ಮಾತ್ರೆ. ಮೂರು ವಾರದ ನಂತರ ಆ ರೋಗಿಯ ಸ್ಯಾಂಪಲ್ ಮತ್ತೆ ಬಂತು. ಅದೇ ಹುಡುಗಿ ಕವರ್‌ಸ್ಲಿಪ್ ಪೂರ್ತಿ ನೋಡಿದಳು. ಆಸ್ಕರಿಸ್ ಇಲ್ಲ, ಹುಕ್‌ವರ್ಮ್ ಇಲ್ಲ, ಟ್ರೈಕುರಿಸ್ ಒಂದು ಮೊಟ್ಟೆ ಇನ್ನೂ ಇತ್ತು. ಅಳತೆ ಬರೆದು, ಬಿರಡೆ ಎರಡೂ ಕಂಡಿವೆ ಎಂದು ಗುರುತು ಹಾಕಿ, ವರದಿಯನ್ನು ವೈದ್ಯರಿಗೆ ಕಳಿಸಿದಳು.