ವಾದಿ ತೀರಿಹೋದ ಮೇಲೆ 90 ದಿನ

ಅಪ್ಪ ಹೂಡಿದ ದಾವೆ ಅಪ್ಪ ಹೋದ ಮೇಲೂ ತಾನಾಗಿ ನಡೆಯುತ್ತಿರುತ್ತದೆ ಅಂತ ಬಹಳ ಮನೆಗಳಲ್ಲಿ ನಂಬಿಕೊಂಡಿರುತ್ತಾರೆ. ಹಾಗೆ ನಡೆಯುವುದಿಲ್ಲ. ವಾರಸುದಾರರನ್ನು ದಾವೆಗೆ ಸೇರಿಸಲು ಸಾವಿನ ದಿನದಿಂದ 90 ದಿನ ಕಾಲಾವಕಾಶ. ಅಷ್ಟರಲ್ಲಿ ಅರ್ಜಿ ಬರದಿದ್ದರೆ ಸತ್ತ ವಾದಿಯ ಮಟ್ಟಿಗೆ ದಾವೆ ಅಬೇಟ್ ಆಗುತ್ತದೆ, ಅಂದರೆ ತಾನಾಗಿಯೇ ಬಿದ್ದುಹೋಗುತ್ತದೆ. ಅದಕ್ಕೆ ನ್ಯಾಯಾಧೀಶರು ಆದೇಶ ಬರೆಯಬೇಕೆಂದೇನೂ ಇಲ್ಲ. ಆ ದಾವೆಗಿದ್ದ ಕಾರಣದ ಮೇಲೆಯೇ ಮತ್ತೊಂದು ಹೊಸ ದಾವೆ ಹಾಕಲೂ ಬರುವುದಿಲ್ಲ.

ನಮ್ಮ ಆಫೀಸಿಗೆ ಬಂದ ಒಂದು ಕೇಸು ಹೇಳುತ್ತೇನೆ. ಜಮೀನು ಕೊಳ್ಳಲು ಕರಾರು ಮಾಡಿಕೊಂಡಿದ್ದವರು ಕ್ರಯಪತ್ರ ಮಾಡಿಸಿಕೊಡಿ ಅಂತ ಹೂಡಿದ್ದ ದಾವೆ. ಅವರೊಬ್ಬರೇ ವಾದಿ. ತೀರಿಕೊಂಡದ್ದು 2024ರ ಆಗಸ್ಟ್ 6ರಂದು. 90 ದಿನ ನವೆಂಬರ್ 4ಕ್ಕೆ ಮುಗಿಯಿತು. ಅಬೇಟ್ ಆದದ್ದನ್ನು ರದ್ದು ಮಾಡಿಸಲು ಇನ್ನೂ 60 ದಿನ ಸಿಗುತ್ತದೆ, ಅದೂ 2025ರ ಜನವರಿ 3ಕ್ಕೆ ಮುಗಿಯಿತು. ಮಗ ಬಂದದ್ದು ಜನವರಿ ಕೊನೆಗೆ. "ಸಾರ್, ಅಪ್ಪನ ಕೇಸ್ ಎಲ್ಲಿಗೆ ಬಂತು?"

ಆಗಸ್ಟ್‌ನಲ್ಲೇ ಬಂದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 22, ರೂಲ್ 3ರ ಒಂದೇ ಅರ್ಜಿ ಸಾಕಿತ್ತು. ಈಗ ಮೂರು ಬೇಕಾಯಿತು: ವಾರಸುದಾರರನ್ನು ಸೇರಿಸಲು ಒಂದು, ಅಬೇಟ್‌ಮೆಂಟ್ ರದ್ದು ಮಾಡಲು ರೂಲ್ 9ರಡಿ ಒಂದು, ತಡವಾದದ್ದನ್ನು ಮನ್ನಿಸಲು ಲಿಮಿಟೇಷನ್ ಕಾಯ್ದೆಯ 5ನೇ ಕಲಮಿನಡಿ ಇನ್ನೊಂದು. ಇದರಲ್ಲಿ ಅಫಿಡವಿಟ್ಟೇ ಮುಖ್ಯ. "ಗೊತ್ತಿರಲಿಲ್ಲ" ಅಂತ ಸುಮ್ನೆ ಬರೆದರೆ ಎದುರಿನವರು ತಕರಾರು ಹಾಕುವುದು ಗ್ಯಾರಂಟಿ. ಮಗ ಬೇರೆ ಊರಿನಲ್ಲಿದ್ದ, ಬೀರುವಿನಲ್ಲಿ ಕೇಸಿನ ಕಾಗದ ಸಿಕ್ಕಿದ್ದು ಯಾವಾಗ, ಆಮೇಲೆ ಏನು ಮಾಡಿದ, ಎಲ್ಲವನ್ನೂ ತಾರೀಖಿನೊಂದಿಗೆ ಬರೆಸಿದೆವು.

ಮರಣ ಪ್ರಮಾಣಪತ್ರದ ಜೊತೆ ತಂದ ವಂಶವೃಕ್ಷದಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು ಇದ್ದರು. ಮದುವೆಯಾದ ಮಗಳ ಹೆಸರಿರಲಿಲ್ಲ. ಹೀಗೆ ಬಿಟ್ಟುಹೋಗುವುದು ಮಾಮೂಲು, ನಾವೇ ಕೇಳಬೇಕು. ಅದಕ್ಕಿಂತ ಜಾಸ್ತಿ ಮರೆಯುವುದು ಸತ್ತವರ ತಾಯಿಯನ್ನು. ಹಿಂದೂ ಗಂಡಸು ಸತ್ತರೆ ಹೆಂಡತಿ ಮಕ್ಕಳ ಹಾಗೆಯೇ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ಈ ಕೇಸಿನಲ್ಲಿ ಅಜ್ಜಿ ಇನ್ನೂ ಇದ್ದರು.

"ವಿಲ್ ನನ್ನ ಹೆಸರಿಗಿದೆ, ಉಳಿದವರು ಯಾಕೆ?" ಅಂತ ಕಿರಿಯ ಮಗ ತಗಾದೆ ತೆಗೆದ. ಎಲ್ಲರನ್ನೂ ಸೇರಿಸಿಯೇ ಬಿಟ್ಟೆವು. ವಾರಸುದಾರ ಯಾರು ಅಂತ ಇಲ್ಲಿ ಕೋರ್ಟು ತೀರ್ಮಾನಿಸುವುದು ಈ ದಾವೆ ಮುಂದುವರಿಸುವ ಮಟ್ಟಿಗೆ ಮಾತ್ರ. ಆಸ್ತಿ ಯಾರದು, ವಿಲ್ ನಿಜವೇ ಅನ್ನುವ ಜಗಳ ಅಲ್ಲಿಗೆ ಮುಗಿಯುವುದಿಲ್ಲ.

ಮೂರೂ ಅರ್ಜಿ ಮಂಜೂರಾದವು. ದಾವಾ ಪತ್ರದಲ್ಲಿ ವಾದಿಯ ಹೆಸರಿನ ಕೆಳಗೆ 1(ಎ)ಯಿಂದ 1(ಇ)ವರೆಗೆ ಐವರ ಹೆಸರು ಸೇರಿಸಿ, ಪ್ರತಿಯೊಬ್ಬರಿಂದಲೂ ಹೊಸ ವಕಾಲತ್ತು ಹಾಕಿಸಿದೆವು. ಅಪ್ಪ ಕೊಟ್ಟಿದ್ದ ವಕಾಲತ್ತು ಮಕ್ಕಳ ಪರವಾಗಿ ನಡೆಯುವುದಿಲ್ಲ. ಆದರೆ ಅವರು ಬದುಕಿದ್ದಾಗ ನುಡಿದ ಸಾಕ್ಷ್ಯ, ಎದುರು ವಕೀಲರು ಮಾಡಿದ ಪಾಟೀಸವಾಲು ಹಾಗೇ ಉಳಿಯಿತು. ವಿಚಾರಣೆ ಅಲ್ಲಿಂದಲೇ ಮುಂದೆ ಹೋಯಿತು.