ಶ್ರುತಪಂಚಮಿಗೆ ಓಲೆಗರಿಯ ಕಟ್ಟು ಬಿಚ್ಚುವ ಮುನ್ನ

ಜ್ಯೇಷ್ಠ ಶುದ್ಧ ಪಂಚಮಿ ಜೈನರಿಗೆ ಶ್ರುತಪಂಚಮಿ. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಾವು ಬಲ್ಲ ಆಗಮ ತಮ್ಮೊಂದಿಗೇ ಮುಗಿದುಹೋಗಬಾರದೆಂದು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳನ್ನು ಕರೆಸಿ ಕಲಿಸಿದರು. ಆ ಮುನಿಗಳು ಅದನ್ನು ಷಟ್ಖಂಡಾಗಮವೆಂಬ ಗ್ರಂಥವಾಗಿ ಮುಗಿಸಿದಾಗ ಸಂಘವೆಲ್ಲ ಸೇರಿ ಪೂಜಿಸಿದ ದಿನ ಇದೇ ಎಂದು ದಿಗಂಬರ ಪರಂಪರೆ ಹೇಳುತ್ತದೆ. ಆದ್ದರಿಂದ ಅಂದು ಜಿನಬಿಂಬಕ್ಕೆ ಸಲ್ಲುವ ಅಷ್ಟವಿಧಾರ್ಚನೆ ಶಾಸ್ತ್ರಕ್ಕೂ ಸಲ್ಲುತ್ತದೆ. ಭಂಡಾರದಲ್ಲಿರುವ ಓಲೆಕಟ್ಟುಗಳನ್ನು ಹೊರತೆಗೆದು, ಧೂಳು ಕೊಡವಿ, ಬಟ್ಟೆ ಬದಲಿಸಿ ಮತ್ತೆ ಕಟ್ಟಿಡುತ್ತಾರೆ.

ಈ ತಿಥಿ ಬರುವುದು ಮೇ ಕೊನೆಗೋ ಜೂನ್ ಮೊದಲ ಭಾಗಕ್ಕೋ. ನಮ್ಮ ಕರಾವಳಿಗೆ ಮಳೆ ಕಾಲಿಡುವ ಹೊತ್ತು ಅದೇ. ನಾಲ್ಕು ತಿಂಗಳು ಹಸಿಗಾಳಿಯಲ್ಲಿ ಇರಬೇಕಾದ ಗರಿಗಳನ್ನು ಅದಕ್ಕೆ ಮೊದಲು ಒಣಗಿಸಿ ಭದ್ರ ಮಾಡಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಮಳೆ ಮುಗಿದ ಮೇಲೆ ನವರಾತ್ರಿಯ ಮೂಲಾ ನಕ್ಷತ್ರದಂದು ವೈದಿಕರ ಮನೆಗಳಲ್ಲಿ ಪುಸ್ತಕಗಳು ಸರಸ್ವತಿಯಾಗಿ ಹೊರಬರುತ್ತವೆ. ಶ್ವೇತಾಂಬರರ ಜ್ಞಾನಪಂಚಮಿಯೂ ಕಾರ್ತಿಕದಲ್ಲಿ, ಮಳೆಯ ಆಚೆಗೇ ಬರುತ್ತದೆ. ಹೀಗಾಗಿ ಭಂಡಾರದ ವರ್ಷದ ಕೆಲಸ ವ್ರತದ ಒಳಗೇ ಸೇರಿಕೊಂಡಿದೆ. ಪಂಚಮಿಯಂದೇ ಮಳೆ ಹಿಡಿದುಬಿಟ್ಟರೆ ಮಾತ್ರ ಕಟ್ಟು ಬಿಚ್ಚಬಾರದು. ಮುಚ್ಚಿದ ಕಟ್ಟಿಗೇ ಪೂಜೆ ಮಾಡಿ, ಬಿಚ್ಚುವ ಕೆಲಸಕ್ಕೆ ಗಾಳಿ ಒಣಗಿರುವ ಬೇರೆ ದಿನ ನೋಡಿಕೊಳ್ಳಬೇಕು.

ಬಿಚ್ಚುವ ಮೊದಲು ಕೈಯಲ್ಲಿರುವುದು ಯಾವ ಗರಿ ಎಂದು ತಿಳಿದಿರಬೇಕು. ಓಲೆ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಎರಡು ಬೇರೆ ಮರಗಳ ಎಲೆಯನ್ನು. ಬಯಲುಸೀಮೆಯಲ್ಲೂ ಕಾಣುವ ಸಾಧಾರಣ ತಾಳೆಯ ಗರಿ ದಪ್ಪ, ಒರಟು, ಅಗಲ ಒಂದೂವರೆ ಇಂಚಿನ ಆಸುಪಾಸು. ತುಳುನಾಡಿನವರು ಪಣೋಲಿ ಎನ್ನುವ ಶ್ರೀತಾಳೆಯ ಗರಿ ತೆಳು, ನುಣುಪು, ಬಾಗಿದರೆ ಬಾಗುತ್ತದೆ. ಅಗಲ ಎರಡೂವರೆ ಮೂರು ಇಂಚಿಗೂ ಬರುತ್ತದೆ, ಉದ್ದವೂ ಹೆಚ್ಚು. ಆ ಮರ ಹತ್ತಾರು ವರ್ಷ ಬೆಳೆದು ಒಂದೇ ಒಂದು ಸಲ ಹೂಬಿಟ್ಟು ಸತ್ತುಹೋಗುತ್ತದೆ.

ಗರಿ ಸಿದ್ಧ ಮಾಡುವ ಕ್ರಮ ಊರಿಂದ ಊರಿಗೆ ಬೇರೆ. ಮುಖ್ಯ ಹೆಜ್ಜೆಗಳು ಮಾತ್ರ ಒಂದೇ. ಪೂರ್ತಿ ಬಿಚ್ಚಿಕೊಳ್ಳದ ಎಳೆಯ ಎಲೆಯನ್ನೇ ಕಡಿಯಬೇಕು. ಬಲಿತದ್ದು ಒಣಗಿದಾಗ ಸೀಳುತ್ತದೆ, ತೀರ ಎಳೆಯದು ಸುಕ್ಕುಗಟ್ಟುತ್ತದೆ. ನಡುವಿನ ಕಡ್ಡಿ ತೆಗೆದು ಗರಿಗಳನ್ನು ಬಿಡಿಸಿ, ನೆರಳಲ್ಲಿ ಬಾಡಿಸಿ, ಸುರುಳಿ ಮಾಡಿ ನೀರಿನಲ್ಲಿ ಕೆಲವು ಗಂಟೆ ಕುದಿಸುತ್ತಾರೆ. ಹುಳ ಮುಟ್ಟದಿರಲೆಂದು ಆ ನೀರಿಗೆ ಅರಿಸಿನ ಹಾಕುವುದು ಬಹಳ ಕಡೆ ಇರುವ ರೂಢಿ. ಕುದಿಸಿದಾಗ ಹಸಿ ಎಲೆಯ ರಸ ಇಳಿದುಹೋಗುತ್ತದೆ, ನಾರು ಮೆತ್ತಗಾಗುತ್ತದೆ. ಆಮೇಲೆ ಮತ್ತೆ ನೆರಳಲ್ಲೇ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಒಂದು ಮೈ ಮೊದಲು ಒಣಗಿ ಗರಿ ದೋಣಿಯಂತೆ ಬಾಗಿಬಿಡುತ್ತದೆ. ಒಣಗಿದ್ದನ್ನು ಕವಡೆಯಿಂದಲೋ ನುಣುಪು ಕಲ್ಲಿನಿಂದಲೋ ಉಜ್ಜಿ, ಹಲಗೆಗಳ ನಡುವೆ ಒತ್ತಿಟ್ಟು, ಒಂದೇ ಅಳತೆಗೆ ಕತ್ತರಿಸಿ, ಕಾದ ಕಬ್ಬಿಣದ ಕಡ್ಡಿಯಿಂದ ತೂತು ಮಾಡುತ್ತಾರೆ. ಚುಚ್ಚಿದ ತೂತಿನಿಂದ ಸೀಳು ಹೊರಡಬಹುದು, ಸುಟ್ಟ ತೂತಿನ ಅಂಚು ಗಟ್ಟಿಯಾಗಿ ನಿಲ್ಲುತ್ತದೆ.

ತಾಳೆಗರಿಯ ಮೇಲೆ ಬರೆಯುವುದು ಎಂದರೆ ಕೊರೆಯುವುದು. ಲೇಖಕ ಗರಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿರುವ ಕಂಠವೆಂಬ ಕಬ್ಬಿಣದ ಮೊನೆಕಡ್ಡಿಯನ್ನು ಎಡ ಹೆಬ್ಬೆರಳಿಗೆ ಆನಿಸಿಕೊಳ್ಳುತ್ತಾನೆ. ಸಾಲು ಮುಂದುವರಿದಂತೆ ಗರಿಯೇ ಎಡಕ್ಕೆ ಸರಿಯುತ್ತದೆ, ಕಂಠದ ಮೊನೆ ಹೆಚ್ಚು ಕದಲುವುದಿಲ್ಲ. ನಾರು ಉದ್ದಕ್ಕೆ ಓಡುವುದರಿಂದ ಅಡ್ಡಗೆರೆ ಜೋರಾಗಿ ಎಳೆದರೆ ಗರಿ ಅದೇ ಗೆರೆಯಲ್ಲಿ ಸೀಳುತ್ತದೆ. ನಮ್ಮ ಅಕ್ಷರಗಳ ದುಂಡುತನ ಗರಿಗೆ ಹೊಂದಿಕೊಳ್ಳುವುದು ಇಲ್ಲೇ. ಕೊರೆದದ್ದು ಮೊದಲಿಗೆ ಕಣ್ಣಿಗೆ ಕಾಣುವುದೇ ಕಷ್ಟ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲೋ ಹಸಿ ಸೊಪ್ಪಿನ ರಸದಲ್ಲೋ ಕಲಸಿ ಮೇಲೆ ಸವರಿ ಒರೆಸಿದರೆ, ಮಸಿ ಗೀರಿನೊಳಗೆ ಉಳಿದು ಅಕ್ಷರ ಎದ್ದುಬರುತ್ತದೆ. ಕೊರೆದ ಅಕ್ಷರವನ್ನು ಅಳಿಸಲಾಗದು. ಬಿಟ್ಟುಹೋದ ಪದಕ್ಕೆ ಹಂಸಪಾದ ಹಾಕಿ ಅಂಚಿನಲ್ಲಿ ಬರೆಯುತ್ತಾರೆ.

ಶ್ರೀತಾಳೆಯ ಮೇಲೆ ಲೇಖನಿಯಿಂದ ಶಾಯಿಯಲ್ಲೂ ಬರೆಯಬಹುದು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಲದ ಪ್ರತಿಗಳು ಅಂಥವು. ಷಟ್ಖಂಡಾಗಮಕ್ಕೆ ವೀರಸೇನರು 816ರಲ್ಲಿ ಮುಗಿಸಿದ ಟೀಕೆ ಧವಲ. 12ನೇ ಶತಮಾನದ ಹೊತ್ತಿಗೆ ಹಳಗನ್ನಡ ಲಿಪಿಯಲ್ಲಿ ಇಳಿಸಿದ ಈ ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ.

ಕೊರೆದ ಗರಿ, ಶಾಯಿಯ ಗರಿ ಎಂಬ ಈ ಭೇದ ತಿಳಿಯದೆ ಎಣ್ಣೆಯ ಬಟ್ಟಲು ಹತ್ತಿರ ತರಲೇಬಾರದು. ಪ್ರತಿ ಮುಗಿಸಿದ ಲೇಖಕರು ಕೊನೆಯ ಗರಿಯಲ್ಲಿ ಬರೆದಿಡುತ್ತಿದ್ದ ಒಂದು ಶ್ಲೋಕವಿದೆ:

ತೈಲಾದ್ರಕ್ಷೇಜ್ಜಲಾದ್ರಕ್ಷೇದ್ರಕ್ಷೇಚ್ಛಿಥಿಲಬಂಧನಾತ್ |
ಮೂರ್ಖಹಸ್ತೇ ನ ದಾತವ್ಯಮೇವಂ ವದತಿ ಪುಸ್ತಕಮ್ ||

ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎಂದು ಪುಸ್ತಕವೇ ಬೇಡಿಕೊಳ್ಳುತ್ತದೆ. ಇದು ಬರಿಯ ಸ್ತುತಿಯಲ್ಲ. ಒಂದೊಂದು ಮಾತೂ ಭಂಡಾರದ ಕೆಲಸದಲ್ಲಿ ನಿಜವಾಗುತ್ತದೆ.

ಎಣ್ಣೆಯನ್ನೇ ತೆಗೆದುಕೊಳ್ಳಿ. ಕೊರೆದ ಗರಿ ಒಣಗಿ ಗಡುಸಾಗಿದ್ದರೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಮೆತ್ತನೆಯ ಬಟ್ಟೆಗೆ ಕೆಲವೇ ಹನಿ ಹಾಕಿ, ನಾರು ಓಡುವ ದಿಕ್ಕಿನಲ್ಲಿ ಹಗುರವಾಗಿ ಸವರುತ್ತಾರೆ. ಗರಿಗೆ ಬಾಗುವ ಗುಣ ಸ್ವಲ್ಪ ಮರಳುತ್ತದೆ, ಆ ವಾಸನೆಗೆ ಹುಳವೂ ಹತ್ತಿರ ಬರುವುದಿಲ್ಲ. ಅಕ್ಷರ ಮಸುಕಾಗಿದ್ದರೆ ಅದೇ ಹೊತ್ತಿಗೆ ಹೊಸ ಮಸಿ ತುಂಬಬಹುದು. ಎಣ್ಣೆ ಹೆಚ್ಚಾದರೆ ಧೂಳು ಅಂಟಿ ಗರಿ ಕಪ್ಪಾಗುತ್ತದೆ, ಒಂದಕ್ಕೊಂದು ಹತ್ತಿಕೊಳ್ಳುತ್ತದೆ. ಸವರಿದ ಮೇಲೆ ಒಣಬಟ್ಟೆಯಿಂದ ಒರೆಸಿ ಬೆರಳಿಟ್ಟು ನೋಡಿ, ಬೆರಳಿಗೆ ಜಿಡ್ಡು ತಾಗಿದರೆ ಇನ್ನೂ ಒರೆಸಬೇಕು. ಇಷ್ಟೂ ಕೊರೆದ ಗರಿಯ ಮಾತು. ಶಾಯಿಯ ಗರಿಯಲ್ಲಿ ಅಕ್ಷರ ಮೇಲ್ಮೈಯಲ್ಲಷ್ಟೇ ಕೂತಿರುತ್ತದೆ. ಅದನ್ನು ಒರೆಸಿದರೆ ಆಗಮವೇ ಬಟ್ಟೆಗೆ ಬಂದುಬಿಡುತ್ತದೆ. ಗುರುತಿಸುವುದು ಸುಲಭ. ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೊರೆದ ಅಕ್ಷರದಲ್ಲಿ ಗೀರಿನ ನೆರಳು ಕಾಣುತ್ತದೆ, ಶಾಯಿಯದರಲ್ಲಿ ಕಾಣುವುದಿಲ್ಲ. ಅನುಮಾನವಿದ್ದರೆ ಮೆತ್ತನೆಯ ಕುಂಚದಿಂದ ಧೂಳು ತೆಗೆದು ಅಷ್ಟಕ್ಕೇ ನಿಲ್ಲಿಸಿ.

ಈಗ ನೂರಿಪ್ಪತ್ತು ಗರಿಗಳ, ಕೊರೆದ ಒಂದು ಕಟ್ಟನ್ನು ಪಂಚಮಿಗೆ ಬಿಚ್ಚುತ್ತೇವೆ ಎನ್ನೋಣ. ಕೈ ಒಣಗಿರಬೇಕು, ಗಂಧ ಕುಂಕುಮ ಬೆರಳಲ್ಲಿರಬಾರದು. ಕೆಳಗೆ ಅಗಲವಾದ ಬಿಳಿ ಬಟ್ಟೆ ಹಾಸಬೇಕು. ಹಳೆಯ ದಾರವನ್ನು ಎಳೆದು ತೆಗೆಯಬಾರದು. ಎಳೆದಷ್ಟೂ ಅದು ತೂತಿನ ಅಂಚನ್ನು ಗರಗಸದಂತೆ ಕೊಯ್ಯುತ್ತದೆ. ತೂತಿನ ಸುತ್ತ ಲೇಖಕ ಜಾಗ ಬಿಟ್ಟಿರುವುದು ಇದೇ ಹೆದರಿಕೆಗೆ, ಆದರೂ ಎಷ್ಟೋ ಕಟ್ಟುಗಳಲ್ಲಿ ಆ ಜಾಗ ದಾಟಿ ಅಕ್ಷರವೇ ತುಂಡಾಗಿದೆ. ದಾರವನ್ನು ಕತ್ತರಿಸಿ, ಗರಿಗಳನ್ನು ಒಂದೊಂದಾಗಿ ಎತ್ತಬೇಕು. ಅಂಚಿನಲ್ಲಿರುವ ಸಂಖ್ಯೆ ನೋಡಿ, ಕ್ರಮ ತಪ್ಪಿದ್ದರೂ ಬರೆದಿಟ್ಟುಕೊಂಡೇ ಸರಿಪಡಿಸಬೇಕು. ಎರಡು ಗರಿ ಅಂಟಿಕೊಂಡಿದ್ದರೆ ಚಾಕು ತೂರಿಸುವುದು ಬೇಡ. ಅವನ್ನು ಜೊತೆಯಾಗಿಯೇ ಬಿಟ್ಟು ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಹುಳದ ತೂತು ಕಂಡರೆ ಅದು ಹಳೆಯದೋ ಹೊಸದೋ ಎಂಬುದೇ ಮುಖ್ಯ ಪ್ರಶ್ನೆ. ಕೊರೆಯುವ ಹುಳ ಮೇಲಿನ ಹಲಗೆಯಿಂದ ಕೆಳಗಿನವರೆಗೆ ಗರಿಗಳನ್ನು ದಾಟುತ್ತಾ ಹೋಗುವುದರಿಂದ ಒಂದೇ ತೂತು ಹತ್ತಾರು ಗರಿಗಳಲ್ಲಿ ಸಾಲಾಗಿ ಕಾಣುತ್ತದೆ. ಕಟ್ಟನ್ನು ಬಿಳಿ ಬಟ್ಟೆಯ ಮೇಲೆ ಒಂದು ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ನುಣ್ಣನೆಯ ಹುಡಿ ಹೊಸದಾಗಿ ಬಿದ್ದಿದ್ದರೆ ಹುಳ ಒಳಗೆ ಜೀವಂತವಾಗಿದೆ. ಆ ಕಟ್ಟು ಉಳಿದವುಗಳ ಜೊತೆ ಕಪಾಟಿಗೆ ಹೋಗಬಾರದು. ಬಜೆ, ಕರ್ಪೂರ, ಬೇವು ಹುಳವನ್ನು ದೂರ ಇಡುತ್ತವೆ, ಒಳಗಿರುವುದನ್ನು ಕೊಲ್ಲಲಾರವು. ಅದಕ್ಕೆ ಭಂಡಾರದ ಹೊಗೆ ಚಿಕಿತ್ಸೆಯೇ ಬೇಕು. ಬೇವನ್ನು ಇಡುವುದಾದರೆ ಒಣಗಿದ ಎಲೆಯನ್ನೇ ಬಟ್ಟೆಯಲ್ಲಿ ಕಟ್ಟಿ ಇಡಬೇಕು. ಹಸಿ ಸೊಪ್ಪು ತಂದಿಟ್ಟರೆ ಅದರ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಮತ್ತೆ ಕಟ್ಟುವಾಗ ಶ್ಲೋಕದ ಮೂರನೆಯ ಮಾತು. ಸಡಿಲ ಕಟ್ಟಿನಲ್ಲಿ ಗರಿಗಳು ಒಂದರ ಮೇಲೊಂದು ಜಾರಿ ಅಕ್ಷರ ಸವೆಯುತ್ತದೆ, ಮಳೆಗಾಲದಲ್ಲಿ ತೇವ ಒಳನುಗ್ಗಿ ಗರಿ ಬಾಗುತ್ತದೆ, ಹುಳಕ್ಕೆ ದಾರಿಯಾಗುತ್ತದೆ. ಹಾಗೆಂದು ಬಿಗಿಯೆಲ್ಲ ಗರಿಯ ಮೇಲೆ ಬೀಳಬಾರದು. ಮೇಲೆ ಕೆಳಗೆ ಇಡುವ ಹಲಗೆ ಗರಿಗಿಂತ ತುಸು ದೊಡ್ಡದಿರಬೇಕು, ಹುರಿಯ ಒತ್ತಡವನ್ನು ಅದೇ ಹೊರಬೇಕು. ಹಲಗೆ ಚಿಕ್ಕದಾದರೆ ಹೊರಚಾಚಿದ ತುದಿಗಳು ಮುರಿಯುತ್ತವೆ. ತೂತಿಗೆ ತೆಳು ಹತ್ತಿದಾರ ಸಾಕು, ನೈಲಾನ್ ಬೇಡ. ಹೊರಗೆ ಒಗೆದು ಗಂಜಿ ಬಿಡಿಸಿದ ಹತ್ತಿಬಟ್ಟೆ. ಗಂಜಿ ಇದ್ದರೆ ಬೆಳ್ಳಿಮೀನೆಂಬ ಹುಳಕ್ಕೆ ಅದೇ ಆಹಾರ.

ಪೂಜೆಯ ವಿಷಯದಲ್ಲಿ ಭಕ್ತರು ನೋಯದಂತೆ, ಆದರೆ ಸ್ಪಷ್ಟವಾಗಿ ಹೇಳಬೇಕು. ಅಕ್ಷತೆ, ಹೂವು, ಗಂಧ ಯಾವುದೂ ಗರಿಯ ಮೇಲೆ ಬೀಳಬಾರದು. ಅಕ್ಕಿ ಕಾಳು ಕಟ್ಟಿನೊಳಗೆ ಉಳಿದರೆ ಹುಳ ಬರುತ್ತದೆ, ಹೂವು ಬಾಡಿ ಕೊಳೆತು ಕಲೆ ಮಾಡುತ್ತದೆ, ಕುಂಕುಮದ ಬಣ್ಣ ನಾರಿನೊಳಗೆ ಇಳಿದರೆ ಹೋಗುವುದಿಲ್ಲ. ಕಟ್ಟಿದ ಗ್ರಂಥವನ್ನು ಪೀಠದ ಮೇಲಿಟ್ಟು, ಮುಂದೊಂದು ತಟ್ಟೆಯಿಟ್ಟು ಅರ್ಘ್ಯವನ್ನು ಅದರಲ್ಲಿ ಸಲ್ಲಿಸಿದರೆ ಶಾಸ್ತ್ರಕ್ಕೇ ಸಲ್ಲುತ್ತದೆ. ದೀಪ ಒಂದು ಮೊಳವಾದರೂ ದೂರವಿರಲಿ.

ಇಷ್ಟೆಲ್ಲ ಮಾಡಿದರೂ ಗರಿಗೆ ಆಯಸ್ಸಿದೆ, ಕರಾವಳಿಯ ಹವೆಯಲ್ಲಂತೂ ಅದು ಇನ್ನೂ ಕಡಿಮೆ. ಆದ್ದರಿಂದಲೇ ಹಿರಿಯರು ಪ್ರತಿ ಮಾಡಿಸುವುದನ್ನು ಶಾಸ್ತ್ರದಾನವೆಂದು ಆಹಾರ, ಔಷಧ, ಅಭಯದಾನಗಳ ಸಾಲಿನಲ್ಲಿ ಇಟ್ಟರು. ಹತ್ತನೆಯ ಶತಮಾನದ ಕೊನೆಗೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಸಿ ಹಂಚಿಸಿದಳು. ಒಂದು ಭಂಡಾರ ಬೆಂಕಿಗೋ ಗೆದ್ದಲಿಗೋ ಹೋದರೂ ಇನ್ನೊಂದರಲ್ಲಿ ಉಳಿಯಲಿ ಎಂಬ ಲೆಕ್ಕ ಅದರಲ್ಲಿದೆ. ಧವಲಕ್ಕೆ ಅಂಥ ಭಾಗ್ಯವಿರಲಿಲ್ಲ. ಅದು ಶತಮಾನಗಳ ಕಾಲ ಮೂಡುಬಿದಿರೆಯೊಂದನ್ನೇ ನೆಚ್ಚಿ ಉಳಿಯಿತು. ಅಲ್ಲಿಂದ ನಕಲಾಗಿ ಹೊರಬಂದ ಮೇಲೆಯೇ 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು.

ಕಟ್ಟು ಬಿಚ್ಚಿದಾಗ ಮುರಿದ ಚೂರುಗಳು ಸಿಕ್ಕರೆ ಅವನ್ನು ನದಿಗೆ ಬಿಡುವ, ಹೋಮಕ್ಕೆ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಗರಿಗಳ ನಡುವೆ ಸಿಕ್ಕಿತೋ ಆ ಸಂಖ್ಯೆ ಬರೆದ ಕಾಗದದ ಲಕೋಟೆಯಲ್ಲಿ ಚೂರನ್ನಿಟ್ಟು, ಆ ಲಕೋಟೆಯನ್ನು ಅದೇ ಕಟ್ಟಿನ ಬಟ್ಟೆಯೊಳಗೆ, ಹಲಗೆಯ ಹೊರಗೆ ಇಡಿ. ಮುಂದೆ ಪ್ರತಿ ಮಾಡುವವರಿಗೆ ಆ ಚೂರಿನಲ್ಲಿರುವ ಮೂರು ಅಕ್ಷರವೇ ಬೇಕಾಗಬಹುದು.